ಆಸ್ಪತ್ರೆಯಿಂದ ಬಂದ ಮೇಲೆ ಸಾಲದ ತಡಪಾವತಿ ದಂಡ ಮನ್ನಾ ಕೇಳುವ ಪತ್ರ: ಹಂತ ಹಂತವಾಗಿ

ಬ್ಯಾಂಕಿನ ಸಾಲ ವಿಭಾಗದಲ್ಲಿ ಕೂತು ಇಂಥ ಪತ್ರಗಳನ್ನು ತೆಗೆದುಕೊಂಡವನು ನಾನು. ಈಗ ಆಚೆ ಕಡೆ ಕೂತು ಅಕ್ಕಪಕ್ಕದವರಿಗೆ ಬರೆದುಕೊಡುತ್ತೇನೆ. ಹೆಚ್ಚಿನವರ ದೂರು ಒಂದೇ. "ಪತ್ರ ಕೊಟ್ಟೆ ಸಾರ್, ಮನ್ನಾ ಆಯ್ತು ಅಂದ್ರು. ನೋಡಿದ್ರೆ ಬರೀ ನೂರು ಚಿಲ್ಲರೆ ವಾಪಸ್ ಬಂದಿದೆ." ಬ್ಯಾಂಕಿನವರು ಸುಳ್ಳು ಹೇಳಿರುವುದಿಲ್ಲ. ಕೇಳಿದವರು ಕೇಳಿದ್ದೇ ಅಷ್ಟು.

ಅದು ಹೇಗೆ ಅಂತ ಒಬ್ಬರ ಲೆಕ್ಕ ಇಟ್ಟುಕೊಂಡೇ ನೋಡೋಣ. ಇವರು ಎಲೆಕ್ಟ್ರಿಷಿಯನ್. 2023ರಲ್ಲಿ ಒಂದು ಫೈನಾನ್ಸ್ ಕಂಪನಿಯಿಂದ ಪರ್ಸನಲ್ ಲೋನ್ ತೆಗೆದಿದ್ದರು. ಕಂತು 9,200 ರೂಪಾಯಿ, ಪ್ರತಿ ತಿಂಗಳ 5ಕ್ಕೆ ಬೇರೆ ಬ್ಯಾಂಕಿನಲ್ಲಿರುವ ಅವರ ಉಳಿತಾಯ ಖಾತೆಯಿಂದ ತಾನಾಗಿ ಕಟ್ ಆಗುತ್ತದೆ. 21 ಕಂತು ಸರಿಯಾಗಿ ಹೋಗಿತ್ತು. 2025ರ ಜುಲೈ 3ರಂದು ಡೆಂಗಿ ಜ್ವರ ಜೋರಾಗಿ ಆಸ್ಪತ್ರೆ ಸೇರಿದರು. ಡಿಸ್ಚಾರ್ಜ್ ಆದದ್ದು ಜುಲೈ 19ಕ್ಕೆ. ಅಷ್ಟರಲ್ಲಿ ಕಂತು ಎರಡು ಸಲ ಬೌನ್ಸ್ ಆಗಿತ್ತು.

### ಹಂತ 1: ಮೊದಲು ದುಡ್ಡು ಕಟ್ಟಿ, ಆಮೇಲೆ ಪತ್ರ

ಕಂತು ಬಾಕಿ ಇಟ್ಟುಕೊಂಡು ದಂಡ ಮನ್ನಾ ಕೇಳಿದರೆ ಆ ಪತ್ರ ಮೇಜಿನ ಮೇಲೇ ಉಳಿಯುತ್ತದೆ. ನಾನೇ ಹಾಗೆ ಇಟ್ಟಿದ್ದೇನೆ. ಬಾಕಿ ಇರುವಷ್ಟು ದಿನ ದಂಡ ಬೆಳೆಯುತ್ತಲೇ ಇರುತ್ತದೆ. ಎಷ್ಟು ಮನ್ನಾ ಮಾಡಬೇಕು ಅನ್ನುವ ಲೆಕ್ಕವೇ ನಿಲ್ಲುವುದಿಲ್ಲ.

ಇಲ್ಲೊಂದು ಗುಂಡಿ ಇದೆ. ನಮ್ಮ ಎಲೆಕ್ಟ್ರಿಷಿಯನ್ ಕಂಪನಿಯ ಆ್ಯಪ್ ತೆರೆದಾಗ ಒಟ್ಟು ಬಾಕಿ 10,495 ಅಂತ ತೋರಿಸಿತು. ಅದರಲ್ಲಿ ಕಂತು 9,200, ಉಳಿದ 1,295 ದಂಡ. "ಕಂತಷ್ಟೇ ಕಟ್ತೀನಿ, ದಂಡ ಹೇಗೂ ಮನ್ನಾ ಕೇಳ್ತೀನಲ್ಲ" ಅಂದರು. ನಾನು ಬೇಡ ಅಂದೆ. ಕೆಲವು ಕಡೆ ಬಂದ ದುಡ್ಡನ್ನು ಮೊದಲು ದಂಡಕ್ಕೆ ಹಿಡಿದುಕೊಂಡು, ಉಳಿದದ್ದನ್ನು ಕಂತಿಗೆ ಹಾಕುತ್ತಾರೆ. ಆಗ ಕಂತಿಗೆ ಹೋಗುವುದು 7,905 ಮಾತ್ರ. 1,295 ಕಡಿಮೆ ಬಿದ್ದ ಕಂತು ಬಾಕಿ ಅಂತಲೇ ಉಳಿದು, ತಡವಾದ ದಿನಗಳ ಎಣಿಕೆ ಮುಂದುವರಿಯುತ್ತದೆ. ಮುಂದಿನ ತಿಂಗಳ ಕಂತಿನಲ್ಲೂ ಅದೇ ಕೊರತೆ ಬೀಳುತ್ತದೆ.

ಹಾಗಾಗಿ ಕೈಯಲ್ಲಾದರೆ ಪೂರ್ತಿ ಕಟ್ಟಿಬಿಡಿ, ದಂಡವನ್ನು ವಾಪಸ್ ಕೇಳಿ. ಕಟ್ಟಿದ ಮೇಲೆ ಮನ್ನಾ ಸಿಗಲ್ಲ ಅನ್ನುವುದು ಸುಮ್ನೆ ಹಬ್ಬಿದ ಮಾತು. ವಸೂಲಾದ ದಂಡವನ್ನು ಹಿಂದಿರುಗಿಸುವುದಕ್ಕೆ ಬ್ಯಾಂಕಿನಲ್ಲಿ 'ರಿವರ್ಸಲ್' ಅಂತ ದಾರಿಯೇ ಇದೆ. ಪೂರ್ತಿ ಕಟ್ಟಲು ಆಗದಿದ್ದರೆ, ಕಟ್ಟುವ ಮೊದಲೇ "ಈ ದುಡ್ಡು ಕಂತಿಗೆ ಮಾತ್ರ ಜಮಾ ಮಾಡಿ" ಅಂತ ಇಮೇಲ್ ಕಳಿಸಿ ಉತ್ತರ ತರಿಸಿಕೊಳ್ಳಿ.

ಇನ್ನೊಂದು ಮಾತು ಕೇಳಲು ಮರೆಯಬೇಡಿ: "ಕಂತನ್ನು ನನ್ನ ಖಾತೆಯಿಂದ ಮತ್ತೆ ಎಳೆಯಲು ಕಳಿಸ್ತೀರಾ?" ನೀವು ಆ್ಯಪ್‌ನಲ್ಲಿ ಕಟ್ಟಿದ ಮರುದಿನವೇ ಖಾತೆಯಿಂದಲೂ ಕಟ್ ಆಗಿ ಎರಡೆರಡು ಸಲ ಹೋದ ಉದಾಹರಣೆಗಳಿವೆ.

ಇವರು ಜುಲೈ 24ಕ್ಕೆ 10,495 ರೂಪಾಯಿಯನ್ನೂ ಕಟ್ಟಿದರು. ತಡವಾದದ್ದು 19 ದಿನ.

### ಹಂತ 2: ದಂಡವನ್ನು ಬಿಡಿಸಿ ನೋಡಿ

ಹೆಚ್ಚಿನವರು ಸೋಲುವುದು ಇಲ್ಲೇ. 'ದಂಡ' ಅಂತ ನಾವು ಒಂದೇ ಮಾತಿನಲ್ಲಿ ಹೇಳುತ್ತೇವೆ. ಆದರೆ ಅದರೊಳಗೆ ಬೇರೆ ಬೇರೆ ಹೆಸರಿನ ಮೂರು ಬಾಬತ್ತು ಇರುತ್ತವೆ. ಸಾಲದ ಖಾತೆಯ ಸ್ಟೇಟ್‌ಮೆಂಟ್ ಮತ್ತು ಉಳಿತಾಯ ಖಾತೆಯ ಸ್ಟೇಟ್‌ಮೆಂಟ್ ಎರಡನ್ನೂ ತೆಗೆಸಿ ಅಕ್ಕಪಕ್ಕ ಇಟ್ಟುಕೊಳ್ಳಿ. ಪಾಸ್‌ಬುಕ್ ಸಾಲುವುದಿಲ್ಲ, ಅದರಲ್ಲಿ ಹೆಸರು ತುಂಡಾಗಿ ಅಚ್ಚಾಗಿರುತ್ತದೆ.

ಮೊದಲನೆಯದು ತಡಪಾವತಿ ಶುಲ್ಕ, ಅಂದರೆ ಪೀನಲ್ ಚಾರ್ಜ್. ಇವರ ಕರಾರಿನ ಪ್ರಕಾರ ತಡವಾದ ಮೊತ್ತದ ಮೇಲೆ ವರ್ಷಕ್ಕೆ ಶೇಕಡ 24. 9,200 ರೂಪಾಯಿಗೆ 19 ದಿನಕ್ಕೆ ಲೆಕ್ಕ ಹಾಕಿದರೆ 115 ರೂಪಾಯಿ. ಅಷ್ಟೇ!

ಎರಡನೆಯದು ಬೌನ್ಸ್ ಶುಲ್ಕ. ಸಾಲ ಕೊಟ್ಟವರು ಜುಲೈ 5ಕ್ಕೆ ಕಂತು ಎಳೆಯಲು ಕಳಿಸಿದರು, ಖಾತೆಯಲ್ಲಿ ದುಡ್ಡಿರಲಿಲ್ಲ. 12ಕ್ಕೆ ಮತ್ತೆ ಕಳಿಸಿದರು, ಆಗಲೂ ಇರಲಿಲ್ಲ. ಸಲಕ್ಕೆ 500, ಅದರ ಮೇಲೆ ಶೇಕಡ 18 ಜಿಎಸ್‌ಟಿ ಸೇರಿ 590. ಎರಡು ಸಲಕ್ಕೆ 1,180.

ಮೂರನೆಯದನ್ನು ತುಂಬಾ ಜನ ನೋಡುವುದೇ ಇಲ್ಲ. ಅದು ನಿಮ್ಮದೇ ಉಳಿತಾಯ ಖಾತೆ ಇರುವ ಬ್ಯಾಂಕು ಹಾಕುವ ರಿಟರ್ನ್ ಶುಲ್ಕ. ಇವರಿಗೆ ಜಿಎಸ್‌ಟಿ ಸೇರಿ ಸಲಕ್ಕೆ 295ರಂತೆ 590 ಬಿದ್ದಿತ್ತು. ಈ ದುಡ್ಡು ಸಾಲ ಕೊಟ್ಟ ಕಂಪನಿಗೆ ಹೋಗಿಯೇ ಇಲ್ಲ. ಅವರನ್ನು ಕೇಳಿದರೆ ಅವರು ಕೊಡುವುದಾದರೂ ಎಲ್ಲಿಂದ?

ಒಟ್ಟು ಪೆಟ್ಟು 1,885 ರೂಪಾಯಿ. ಅದರಲ್ಲಿ 'ತಡಪಾವತಿ ದಂಡ' ಅನ್ನುವ ಹೆಸರಿನದು 115 ಮಾತ್ರ. "ತಡಪಾವತಿ ದಂಡ ಮನ್ನಾ ಮಾಡಿ" ಅಂತ ಬರೆದರೆ ಅವರು 115 ಮನ್ನಾ ಮಾಡಿ ಕಡತ ಮುಚ್ಚುತ್ತಾರೆ. ಶುರುವಿನಲ್ಲಿ ಹೇಳಿದ 'ನೂರು ಚಿಲ್ಲರೆ'ಯ ಗುಟ್ಟು ಇದೇ.

ಹಾಗಾಗಿ ಒಂದು ಹಾಳೆ ತಗೊಂಡು ತಾರೀಕು, ಸ್ಟೇಟ್‌ಮೆಂಟಿನಲ್ಲಿರುವ ಹೆಸರು, ಮೊತ್ತ, ಯಾರು ಹಾಕಿದ್ದು, ಇಷ್ಟನ್ನು ಸಾಲಾಗಿ ಬರೆದುಕೊಳ್ಳಿ. ಹೆಸರನ್ನು ಸ್ಟೇಟ್‌ಮೆಂಟಿನಲ್ಲಿ ಹೇಗಿದೆಯೋ ಹಾಗೇ ಇಳಿಸಿ.

ಬರೆದುಕೊಳ್ಳುವಾಗ ಎರಡು ವಿಷಯ ಗಮನಿಸಿ. ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 18ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಕಂತು ತಪ್ಪಿದ್ದಕ್ಕೆ ಹಾಕುವ ದಂಡ ಶುಲ್ಕವಾಗಿರಬೇಕೇ ಹೊರತು ಬಡ್ಡಿದರಕ್ಕೆ ಸೇರಿಸಿದ ಹೆಚ್ಚುವರಿ ಬಡ್ಡಿಯಾಗಿರಬಾರದು. ಆ ಶುಲ್ಕವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. ಹೊಸ ಸಾಲಗಳಿಗೆ ಇದು 2024ರ ಏಪ್ರಿಲ್ 1ರಿಂದ ಜಾರಿಯಾಗಿದೆ, ಹಳೆಯ ಸಾಲಗಳನ್ನು ಅದೇ ವರ್ಷದ ಜೂನ್ 30ರೊಳಗೆ ಇದಕ್ಕೆ ಹೊಂದಿಸಬೇಕಿತ್ತು. ಕ್ರೆಡಿಟ್ ಕಾರ್ಡಿಗೆ ಈ ಸುತ್ತೋಲೆ ಅನ್ವಯಿಸುವುದಿಲ್ಲ. ಎರಡನೆಯದು, ಈ ಪೀನಲ್ ಚಾರ್ಜ್ ಮೇಲೆ ಜಿಎಸ್‌ಟಿ ಇಲ್ಲ ಅಂತ ಕೇಂದ್ರ ತೆರಿಗೆ ಮಂಡಳಿ 2025ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಇವೆರಡರಲ್ಲಿ ಏನಾದರೂ ತಪ್ಪು ಕಂಡರೆ ಅದು ಮನ್ನಾ ಕೇಳುವ ವಿಷಯವಲ್ಲ, ತಿದ್ದಿಸುವ ವಿಷಯ. ಪತ್ರದಲ್ಲಿ ಬೇರೆ ಪ್ಯಾರಾದಲ್ಲಿ ಬರೆಯಿರಿ.

### ಹಂತ 3: ಪುರಾವೆಗೆ ಮೂರು ಕಾಗದ ಸಾಕು

ಆಸ್ಪತ್ರೆಯ ಫೈಲನ್ನೇ ಪೂರ್ತಿ ಜೆರಾಕ್ಸ್ ಮಾಡಿಸಿ ತರುವವರಿದ್ದಾರೆ. ರಕ್ತಪರೀಕ್ಷೆ, ಸ್ಕ್ಯಾನಿಂಗ್, ಔಷಧಿ ಚೀಟಿ, ಎಲ್ಲ. ಅದನ್ನು ಯಾರೂ ಓದುವುದಿಲ್ಲ. ಬ್ಯಾಂಕಿಗೆ ಬೇಕಾದದ್ದು ಎರಡು ತಾರೀಕು: ಸೇರಿದ್ದು ಯಾವಾಗ, ಬಿಟ್ಟದ್ದು ಯಾವಾಗ. ಡಿಸ್ಚಾರ್ಜ್ ಸಮ್ಮರಿಯ ಮೊದಲ ಪುಟದಲ್ಲಿ ಎರಡೂ ಇರುತ್ತವೆ. ಕಾಯಿಲೆ ಏನು ಅಂತ ಹೇಳಿಕೊಳ್ಳಲು ಇಷ್ಟವಿಲ್ಲದಿದ್ದರೆ, ದಾಖಲಾದ ಮತ್ತು ಬಿಡುಗಡೆಯಾದ ದಿನ ಮಾತ್ರ ಇರುವ ಒಂದು ಸರ್ಟಿಫಿಕೇಟ್ ಕೊಡಿ ಅಂತ ಆಸ್ಪತ್ರೆಯಲ್ಲಿ ಕೇಳಿ.

ಎರಡನೆಯ ಕಾಗದ ಕಂತು ಕಟ್ಟಿದ ರಸೀದಿ. ಮೂರನೆಯದು ಉಳಿತಾಯ ಖಾತೆಯ ಸ್ಟೇಟ್‌ಮೆಂಟ್, ಅದರಲ್ಲೂ ಒಂದು ಸಾಲು. ನಮ್ಮ ಎಲೆಕ್ಟ್ರಿಷಿಯನ್ ಖಾತೆಯಲ್ಲಿ ಜುಲೈ 2ರ ರಾತ್ರಿ 43,600 ರೂಪಾಯಿ ಇತ್ತು. 3ರ ಬೆಳಿಗ್ಗೆ ಆಸ್ಪತ್ರೆಗೆ ಅಡ್ವಾನ್ಸ್ ಅಂತ ಯುಪಿಐನಲ್ಲಿ 40,000 ಹೋಯಿತು. ಉಳಿದದ್ದು 3,600. 5ಕ್ಕೆ ಕಂತು ಬೌನ್ಸ್.

ಆ ಒಂದು ಸಾಲಿಗೆ ಹಳದಿ ಪೆನ್ನಿನಿಂದ ಗುರುತು ಹಾಕಿ ಲಗತ್ತಿಸಿದೆವು. ಕಂತಿನ ದುಡ್ಡು ಇತ್ತು, ಅದೇ ದುಡ್ಡು ಆಸ್ಪತ್ರೆಗೆ ಹೋಯಿತು ಅಂತ ಅದು ತಾನೇ ಹೇಳುತ್ತದೆ. ಎರಡು ಪುಟ ಕಷ್ಟ ತೋಡಿಕೊಂಡರೂ ಆಗದ ಕೆಲಸ ಅದರಿಂದ ಆಗುತ್ತದೆ. ಉಳಿದ ಸಾಲುಗಳ ಮೇಲೆ ಬಿಳಿ ಹಾಳೆ ಮುಚ್ಚಿ ಜೆರಾಕ್ಸ್ ಮಾಡಿಸಬಹುದು. ನೀವು ಎಲ್ಲೆಲ್ಲಿ ಖರ್ಚು ಮಾಡಿದಿರಿ ಅಂತ ಅವರಿಗೆ ಯಾಕೆ?

ಆಸ್ಪತ್ರೆಯಲ್ಲಿದ್ದವರು ಸಾಲಗಾರರಲ್ಲ, ಅವರ ಹೆಂಡತಿಯೋ ತಾಯಿಯೋ ಅಂತಾದರೆ ಸಂಬಂಧ ತೋರಿಸುವ ಒಂದು ಗುರುತಿನ ಚೀಟಿಯನ್ನೂ ಸೇರಿಸಿ.

### ಹಂತ 4: ಪತ್ರ ಬರೆಯುವುದು

ಒಂದೇ ಪುಟ ಇರಲಿ. ಕ್ರಮ ಹೀಗೆ: ಏನು ಬೇಕು, ಏನಾಯಿತು, ಏನು ಕಟ್ಟಿದ್ದೀರಿ, ಯಾವ ಯಾವ ಮೊತ್ತ ವಾಪಸ್ ಬೇಕು. ಹೆಚ್ಚಿನವರು ಕಾಯಿಲೆಯಿಂದ ಶುರು ಮಾಡುತ್ತಾರೆ. ದಿನಕ್ಕೆ ನಲವತ್ತು ಕಾಗದ ನೋಡುವ ಅಧಿಕಾರಿಗೆ ಕೊನೆಯ ಸಾಲಿನಲ್ಲಿರುವ ಬೇಡಿಕೆ ಕಣ್ಣಿಗೇ ಬೀಳುವುದಿಲ್ಲ.

ನಾವು ಕಂಪನಿಗೆ ಕೊಟ್ಟ ಪತ್ರ ಇದು:

> ದಿನಾಂಕ: 25-07-2025
>
> ಇಂದ: (ಹೆಸರು, ವಿಳಾಸ, ಮೊಬೈಲ್)
>
> ಗೆ: ಶಾಖಾ ವ್ಯವಸ್ಥಾಪಕರು, (ಕಂಪನಿ, ಶಾಖೆ)
>
> ವಿಷಯ: ಸಾಲ ಖಾತೆ ಸಂಖ್ಯೆ (……) – ಜುಲೈ 2025ರ ಕಂತಿಗೆ ವಿಧಿಸಿದ ಒಟ್ಟು ₹1,295 ಶುಲ್ಕಗಳನ್ನು ಮನ್ನಾ ಮಾಡಿ ಹಿಂದಿರುಗಿಸುವಂತೆ ಮನವಿ
>
> ಮಾನ್ಯರೇ,
>
> ಮೇಲ್ಕಂಡ ಸಾಲದ 22ನೇ ಕಂತು ₹9,200 ದಿನಾಂಕ 05-07-2025ರಂದು ಪಾವತಿಯಾಗಬೇಕಿತ್ತು. ನಾನು 03-07-2025ರಿಂದ 19-07-2025ರವರೆಗೆ ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದೆ. ಕಂತಿಗೆಂದು ಖಾತೆಯಲ್ಲಿದ್ದ ಹಣವನ್ನು 03-07-2025ರಂದು ಆಸ್ಪತ್ರೆಗೆ ಮುಂಗಡವಾಗಿ ಕಟ್ಟಬೇಕಾಯಿತು. ಇದರಿಂದ 5 ಮತ್ತು 12ನೇ ತಾರೀಕು ಕಂತು ಹಿಂದಿರುಗಿತು.
>
> ದಿನಾಂಕ 24-07-2025ರಂದು ಕಂತು ಮತ್ತು ಶುಲ್ಕಗಳೆಲ್ಲ ಸೇರಿ ₹10,495 ಪಾವತಿಸಿದ್ದೇನೆ. ಈಗ ಯಾವ ಬಾಕಿಯೂ ಇಲ್ಲ. ಇದಕ್ಕೆ ಮೊದಲಿನ 21 ಕಂತುಗಳು ಗಡುವಿನೊಳಗೆ ಪಾವತಿಯಾಗಿವೆ.
>
> ದಯವಿಟ್ಟು ಈ ಶುಲ್ಕಗಳನ್ನು ಮನ್ನಾ ಮಾಡಿ:
> ತಡಪಾವತಿ ಶುಲ್ಕ – ₹115
> ಬೌನ್ಸ್ ಶುಲ್ಕ, 05-07-2025 – ₹590
> ಬೌನ್ಸ್ ಶುಲ್ಕ, 12-07-2025 – ₹590
>
> ಮನ್ನಾ ಆದ ಮೊತ್ತವನ್ನು ನನ್ನ ಉಳಿತಾಯ ಖಾತೆಗೆ ಜಮಾ ಮಾಡಿ. ಸಾಲದ ಅವಧಿ, ಕಂತಿನ ಮೊತ್ತ ಅಥವಾ ಬೇರಾವ ಷರತ್ತಿನಲ್ಲೂ ಬದಲಾವಣೆ ಕೇಳುತ್ತಿಲ್ಲ. ತಮ್ಮ ತೀರ್ಮಾನವನ್ನು ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇನೆ.
>
> ಇಂತಿ ತಮ್ಮ ವಿಶ್ವಾಸಿ,
> (ಸಹಿ)
>
> ಲಗತ್ತು: ಡಿಸ್ಚಾರ್ಜ್ ಸಮ್ಮರಿ ಮೊದಲ ಪುಟ, ಪಾವತಿ ರಸೀದಿ, ಉಳಿತಾಯ ಖಾತೆ ಸ್ಟೇಟ್‌ಮೆಂಟ್, ಕ್ಯಾನ್ಸಲ್ ಮಾಡಿದ ಚೆಕ್

"ಬೇರಾವ ಷರತ್ತಿನಲ್ಲೂ ಬದಲಾವಣೆ ಕೇಳುತ್ತಿಲ್ಲ" ಅನ್ನುವ ಸಾಲನ್ನು ಬಿಡಬೇಡಿ. 'ಸೆಟ್ಲ್‌ಮೆಂಟ್' ಅನ್ನುವ ಪದವನ್ನಂತೂ ಎಲ್ಲೂ ಬಳಸಬೇಡಿ. ಬ್ಯಾಂಕಿನ ಭಾಷೆಯಲ್ಲಿ ಅದಕ್ಕೆ ಬೇರೆ ಅರ್ಥ: ಪೂರ್ತಿ ಕಟ್ಟಲಾಗದೆ ಕಡಿಮೆಗೆ ಸಾಲ ಮುಗಿಸುವುದು. ಆ ಮುದ್ರೆ ಸಿಬಿಲ್ ವರದಿಯಲ್ಲಿ ಬಿದ್ದರೆ ಮುಂದೆ ಸಾಲ ಸಿಗುವುದೇ ಕಷ್ಟ. 'ಸಾಲ ಮನ್ನಾ', 'ಬಡ್ಡಿ ಮನ್ನಾ' ಅಂತಲೂ ಬರೆಯಬೇಡಿ. ಮನ್ನಾ ಕೇಳುತ್ತಿರುವುದು ಶುಲ್ಕಕ್ಕೆ. ಕಂತು ತಡವಾದ ದಿನಗಳಿಗೆ ಬೀಳುವ ಮಾಮೂಲಿ ಬಡ್ಡಿ ಬೇರೆ, ಅದನ್ನು ಸಾಮಾನ್ಯವಾಗಿ ಬಿಡುವುದಿಲ್ಲ.

ಇನ್ನು ಭಾಷೆ. ಕನ್ನಡದಲ್ಲಿ ಧಾರಾಳವಾಗಿ ಬರೆಯಿರಿ. ಆದರೆ ಶಾಖೆಯವರಿಗೆ ಮನ್ನಾ ಮಾಡುವ ಅಧಿಕಾರ ಇಲ್ಲದಿದ್ದರೆ ಕಾಗದ ಮೇಲಿನ ಕಚೇರಿಗೆ ಹೋಗುತ್ತದೆ, ಅದು ಚೆನ್ನೈನಲ್ಲೋ ಮುಂಬೈನಲ್ಲೋ ಇರಬಹುದು. ಒಂದು ಇಂಗ್ಲಿಷ್ ಪ್ರತಿಯನ್ನೂ ಪಿನ್ ಮಾಡಿ ಕೊಟ್ಟರೆ ನಿಮಗೇ ಅನುಕೂಲ.

ಉಳಿತಾಯ ಖಾತೆಯ ಬ್ಯಾಂಕಿಗೆ ಇದೇ ಧಾಟಿಯ ಬೇರೆ ಪತ್ರ. ಅದರಲ್ಲಿ ಕೇಳುವುದು ರಿಟರ್ನ್ ಶುಲ್ಕ 295ರಂತೆ ಎರಡು, ಒಟ್ಟು 590 ಮಾತ್ರ.

### ಹಂತ 5: ಕೊಡುವುದು

ಎರಡು ಪ್ರತಿ ತಗೊಂಡು ಹೋಗಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ತಾರೀಕು ಇರುವ ಸ್ವೀಕೃತಿ ಸೀಲು ಮತ್ತು ಸಹಿ ಹಾಕಿಸಿಕೊಳ್ಳಿ. "ಇಟ್ಟು ಹೋಗಿ, ಮ್ಯಾನೇಜರ್ ಬಂದ ಮೇಲೆ ನೋಡ್ತಾರೆ" ಅಂದರೆ ಇಟ್ಟು ಬರಬೇಡಿ. ಸೀಲು ಹಾಕಲ್ಲ ಅಂತ ಹಟ ಮಾಡಿದರೆ ಅದೇ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಜೊತೆಗೆ ಬ್ಯಾಂಕಿನ ಅಥವಾ ಕಂಪನಿಯ ವೆಬ್‌ಸೈಟಿನಲ್ಲಿರುವ ಕುಂದುಕೊರತೆ ಅಧಿಕಾರಿಯ ಇಮೇಲಿಗೂ ಕಳಿಸಿ. ಕಂತಿಗಾಗಿ ಫೋನ್ ಮಾಡುವ ವಸೂಲಿ ಹುಡುಗನಿಗೆ ವಾಟ್ಸಾಪ್ ಮಾಡಿದರೆ ಪತ್ರ ಕೊಟ್ಟಂತೆ ಆಗುವುದಿಲ್ಲ.

ಸಾಲಗಾರರು ಇನ್ನೂ ಎದ್ದು ಓಡಾಡುವ ಸ್ಥಿತಿಯಲ್ಲಿ ಇಲ್ಲ ಅಂದರೆ ಮನೆಯವರು ಹೋಗಬಹುದು. ಆದರೆ ಸಾಲದಲ್ಲಿ ಸಹ ಅರ್ಜಿದಾರರಲ್ಲದವರ ಹತ್ತಿರ ಖಾತೆಯ ವಿಷಯ ಮಾತಾಡಲು ಬ್ಯಾಂಕಿನವರು ಒಪ್ಪುವುದಿಲ್ಲ. ಅದು ಸರಿಯೂ ಹೌದು. "ನನ್ನ ಪರವಾಗಿ ನನ್ನ ಪತ್ನಿ ಈ ಪತ್ರ ಸಲ್ಲಿಸಿ ಉತ್ತರ ಪಡೆಯಲು ಒಪ್ಪಿಗೆ ಇದೆ" ಅಂತ ನಾಲ್ಕು ಸಾಲು ಬರೆದು, ಇಬ್ಬರ ಸಹಿಯೊಂದಿಗೆ ಇಬ್ಬರ ಗುರುತಿನ ಚೀಟಿಯ ಪ್ರತಿ ಲಗತ್ತಿಸಿದರೆ ಆಯಿತು.

ಸಾಲ ಊರಿನ ಸಹಕಾರ ಸೊಸೈಟಿಯದಾದರೆ ಪತ್ರ ಕಾರ್ಯದರ್ಶಿಗೆ ಹೋಗಬೇಕು, ಆಡಳಿತ ಮಂಡಳಿಯ ಸಭೆಯಲ್ಲಿ ಇಡುವಂತೆ ಕೇಳಿ ಬರೆಯಬೇಕು. ಮುಂದಿನ ಸಭೆ ಎಂದು ಅಂತ ಕೇಳಿಕೊಂಡು ಅದಕ್ಕೆ ಮೊದಲೇ ಕೊಡಿ.

### ಹಂತ 6: ಕಾಯುವುದು, ಮತ್ತು ಎಲ್ಲಿ ನಿಲ್ಲಿಸುವುದು

ಹತ್ತು ದಿನ ಬಿಟ್ಟು ಒಮ್ಮೆ ವಿಚಾರಿಸಿ. 30 ದಿನವಾದರೂ ಉತ್ತರ ಇಲ್ಲದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ `cms.rbi.org.in` ನಲ್ಲಿ ಶುಲ್ಕವಿಲ್ಲದೆ ದೂರು ಕೊಡಬಹುದು. ಸಹಾಯಕ್ಕೆ 14448 ಅನ್ನುವ ನಂಬರ್ ಇದೆ. ಸೀಲು ಬಿದ್ದ ಪ್ರತಿ ಕೆಲಸಕ್ಕೆ ಬರುವುದು ಆಗಲೇ.

ಆದರೆ ನೇರವಾಗಿ ಹೇಳಬೇಕು ಅಂದರೆ, ನಿಯಮದ ಪ್ರಕಾರವೇ ಹಾಕಿದ ದಂಡವನ್ನು ಕಾಯಿಲೆ ಅಂತ ಬಿಡುವುದು ಬ್ಯಾಂಕಿನ ಇಷ್ಟಕ್ಕೆ ಬಿಟ್ಟದ್ದು. "ಬಿಡಲ್ಲ" ಅಂದರೆ ಓಂಬುಡ್ಸ್‌ಮನ್ ಬಿಡಿಸಿಕೊಡುತ್ತಾರೆ ಅಂತ ನೆಚ್ಚಿಕೊಳ್ಳಬೇಡಿ. ಅಲ್ಲಿ ನಿಲ್ಲುವುದು ನಿಯಮ ತಪ್ಪಿದ ವಿಷಯ: ದಂಡದ ಮೇಲೆ ಬಡ್ಡಿ ಹಾಕಿದ್ದು, ಕರಾರಿನಲ್ಲಿಲ್ಲದ ಶುಲ್ಕ ಎಳೆದದ್ದು, ಪತ್ರಕ್ಕೆ ಉತ್ತರವನ್ನೇ ಕೊಡದಿದ್ದದ್ದು. ಅದಕ್ಕೇ ಮೊದಲ ಪತ್ರದಲ್ಲಿ ಬೆದರಿಕೆ ಬೇಡ ಅನ್ನುತ್ತೇನೆ. "ಗ್ರಾಹಕರ ನ್ಯಾಯಾಲಯಕ್ಕೆ ಹೋಗ್ತೀನಿ" ಅಂತ ಬರೆದ ಕೂಡಲೇ ಮ್ಯಾನೇಜರ್ ತಾನು ಸಹಿ ಹಾಕಬಹುದಾದ ಕಾಗದವನ್ನೂ ಕಾನೂನು ವಿಭಾಗಕ್ಕೆ ತಳ್ಳುತ್ತಾನೆ. ಅಲ್ಲಿಗೆ ಮುಗೀತು.

### ಈ ಸೂಚನೆ ಕಂಡರೆ ಎಚ್ಚರ

"ಆಯ್ತು, ಮಾಡಿದ್ದೀವಿ" ಅಂತ ಬಾಯಲ್ಲಿ ಹೇಳಿದರೆ ಲೆಕ್ಕಕ್ಕಿಲ್ಲ. ಮನ್ನಾ ಆಗಿದ್ದರೆ ಸ್ಟೇಟ್‌ಮೆಂಟಿನಲ್ಲಿ ಜಮಾ ಬದಿಯಲ್ಲಿ ಒಂದು ಸಾಲು ಬಂದಿರಲೇಬೇಕು.

ಮುಂದಿನ ಕಂತು ಪೂರ್ತಿ ಹೋಗಿದ್ದರೂ 'ಬಾಕಿ ಇದೆ' ಅಂತ ಸಂದೇಶ ಬಂದರೆ ಹಳೆಯ ದಂಡವನ್ನು ಹೊಸ ಕಂತಿನಲ್ಲಿ ಮುರಿದುಕೊಂಡಿದ್ದಾರೆ ಅಂತ ಅನುಮಾನಿಸಿ, ಅದೇ ದಿನ ವಿಚಾರಿಸಿ. ಹಾಗೇ ಬಿಟ್ಟು 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದೆ ನಿಂತ ಸಾಲ ಅಂತ ಆಗುತ್ತದೆ.

"ದಂಡ ಮನ್ನಾ ಮಾಡಿಸ್ತೀನಿ, ಪ್ರೊಸೆಸಿಂಗ್ ಫೀಸ್ ಕಳಿಸಿ" ಅಥವಾ "ರೀಫಂಡ್‌ಗೆ ಓಟಿಪಿ ಹೇಳಿ" ಅಂತ ಫೋನ್ ಬಂದರೆ ಕಟ್ ಮಾಡಿ. ಮನ್ನಾಕ್ಕೆ ಯಾವ ಬ್ಯಾಂಕೂ ಫೀಸ್ ಕೇಳುವುದಿಲ್ಲ.

ಇನ್ನು ಸಿಬಿಲ್. ದಂಡ ಮನ್ನಾ ಆದರೂ ಕಂತು 19 ದಿನ ತಡವಾದ ದಾಖಲೆ ಅಳಿಸಿ ಹೋಗುವುದಿಲ್ಲ. ಯಾಕೆಂದರೆ ತಡವಾದದ್ದು ನಿಜ. ಅಳಿಸಿಕೊಡ್ತೀನಿ ಅಂತ ದುಡ್ಡು ಕೇಳುವವರನ್ನು ನಂಬಬೇಡಿ. ಕಟ್ಟಿ ಮುಗಿಸಿದ ಮೇಲೂ 'ಬಾಕಿ' ಅಂತ ತೋರಿಸುತ್ತಿದ್ದರೆ, ಆಗ ಅದು ತಪ್ಪು. ತಿದ್ದಿಸಲು ಅರ್ಜಿ ಹಾಕಬಹುದು.

### ಎಲೆಕ್ಟ್ರಿಷಿಯನ್‌ಗೆ ಏನು ಸಿಕ್ಕಿತು

ಕಂಪನಿಯ ಉತ್ತರ ಆಗಸ್ಟ್ 14ಕ್ಕೆ ಬಂತು. ತಡಪಾವತಿ ಶುಲ್ಕ 115 ಪೂರ್ತಿ, ಮೊದಲ ಬೌನ್ಸಿನ 590 ವಾಪಸ್. ಎರಡನೆಯ ಬೌನ್ಸಿಗೆ ಒಪ್ಪಲಿಲ್ಲ. "5ನೇ ತಾರೀಕಿನ ನಂತರ ಒಂದು ಫೋನ್ ಮಾಡಿದ್ದರೆ 12ಕ್ಕೆ ಮತ್ತೆ ಕಳಿಸುತ್ತಿರಲಿಲ್ಲ" ಅಂದರು. ಐಸಿಯು ಹೊರಗೆ ಕೂತಿದ್ದ ಅವರ ಹೆಂಡತಿಗೆ ಕಂತಿನ ನೆನಪು ಎಲ್ಲಿಂದ ಬರಬೇಕು, ಅಲ್ವಾ? ಆದರೂ ಇದನ್ನು ಓದುತ್ತಿರುವಾಗಲೇ ಮನೆಯವರು ಆಸ್ಪತ್ರೆಯಲ್ಲಿದ್ದರೆ ಇವತ್ತೇ ಆ ಒಂದು ಫೋನ್ ಮಾಡಿ, ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ.

ಉಳಿತಾಯ ಖಾತೆಯ ಬ್ಯಾಂಕು ಎರಡರಲ್ಲಿ ಒಂದು 295 ಬಿಟ್ಟುಕೊಟ್ಟಿತು. ಒಟ್ಟು 1,885ರಲ್ಲಿ ಸರಿಯಾಗಿ 1,000 ರೂಪಾಯಿ ವಾಪಸ್ ಬಂತು. ಬರೀ 'ತಡಪಾವತಿ ದಂಡ' ಅಂತ ಬರೆದಿದ್ದರೆ ಬರುತ್ತಿದ್ದದ್ದು 115.